ಚಂದ್ರಾಮಪ್ಪನ ಹನ್ನೊಂದು ದೂರುಗಳು

ಅಫಜಲಪುರದ ಟೆಲಿಫೋನ್ ಲೈನ್‌ಮನ್ ಚಂದ್ರಾಮಪ್ಪನಿಗೆ ಬೆಳಗಿನ ಐದೂವರೆಯ ಹೊತ್ತೆಂದರೆ ಬಲು ಪ್ರೀತಿ. ಆಗ ಊರು ಇನ್ನೂ ಅರೆನಿದ್ದೆಯಲ್ಲಿರುತ್ತದೆ. ಭೀಮಾ ಹೊಳೆಯ ಕಡೆಯಿಂದ ಸಣ್ಣ ಗಾಳಿ ಎದ್ದು, ಕಬ್ಬಿಣದ ಕಂಬಗಳ ಮೇಲಿನ ತಂತಿಗಳನ್ನು ತಟ್ಟಿಯೂ ತಟ್ಟದ ಹಾಗೆ ಹಾದುಹೋಗುತ್ತದೆ. ಆ ಗಾಳಿಗೆ ತಂತಿ ಗುಂಯ್‌ಗುಡುತ್ತದೆ. ಚಂದ್ರಾಮಪ್ಪ ಸೈಕಲ್ಲನ್ನು ಬದುವಿಗೆ ಒರಗಿಸಿ, ರುಮಾಲು ಸರಿಸಿ, ತಣ್ಣನೆಯ ಕಂಬಕ್ಕೆ ಕಿವಿ ಇಟ್ಟು ಕಣ್ಣು ಮುಚ್ಚುತ್ತಿದ್ದ. ಗಾಳಿಯ ಸದ್ದು ಅದು ಎಂದು ಅವನಿಗೆ ಗೊತ್ತಿತ್ತು. ಆದರೂ ಆ ಗುಂಯ್ ಒಳಗೆ ರಾತ್ರಿಯೆಲ್ಲ ಹಾದುಹೋದ ಮಾತುಗಳ ಪಸೆ ಇನ್ನೂ ಉಳಿದಿದೆ ಎಂದೇ ಅನ್ನಿಸುತ್ತಿತ್ತು. ಯಾರೋ ಹೆರಿಗೆಯ ಸುದ್ದಿ ಹೇಳಿದ್ದು, ಯಾರೋ ಬರುತ್ತೇನೆಂದು ಹೇಳಿ ಬಾರದೆ ಉಳಿದದ್ದು.

ಅವನು ಕಿಣ್ಣಿ ಸುಲ್ತಾನ ಎಂಬ ಹಳ್ಳಿಯವನು. ಅರವತ್ತೈದನೆಯ ಇಸವಿಯಲ್ಲಿ ಜೇವರ್ಗಿ ರಸ್ತೆಯುದ್ದಕ್ಕೂ ಕಂಬ ನೆಡುವ ಗುಂಡಿ ತೋಡಲು ಮಜೂರನಾಗಿ ಬಂದ. ಇಂಗ್ಲಿಷಿನ ಅಂಕಿಗಳನ್ನು ಕಲಿತದ್ದು ಕಂಬದ ಮೇಲಿನ ನಂಬರುಗಳಿಂದ, ಅಕ್ಷರಗಳನ್ನು ಕಲಿತದ್ದು ತಂತಿಯ ಸುರುಳಿಗಳಿಗೆ ಕಟ್ಟಿದ್ದ ತಗಡಿನ ಚೀಟಿಗಳಿಂದ. ಮೂವತ್ತನಾಲ್ಕು ವರ್ಷದಲ್ಲಿ ಒಂದೇ ಒಂದು ಪದ್ಧತಿಯನ್ನು ಅವನು ಬಿಟ್ಟಿರಲಿಲ್ಲ. ದೂರು ಬಂತೆಂದರೆ ಏನಾಗಿದೆ ಎಂದು ಕೇಳುತ್ತಿರಲಿಲ್ಲ. ಮರುದಿನ ಬೆಳಗಿನ ಜಾವ ಎದ್ದು ಇಡೀ ಲೈನು ನಡೆಯುತ್ತಿದ್ದ. "ಕೇಳಿದ್ರ ಮಂದಿ ಏನರೆ ಹೇಳ್ತಾರ. ಕಾಲಿಗೆ ಸುಳ್ಳ ಹೇಳಾಕ ಬರೂದಿಲ್ಲ," ಅನ್ನುತ್ತಿದ್ದ. ಅವನ ಸರ್ವಿಸ್ ಪುಸ್ತಕದಲ್ಲಿ ಬಡ್ತಿ, ರಜೆ ಬಿಟ್ಟರೆ ಮತ್ತೊಂದು ಸಾಲು ಇರಲಿಲ್ಲ. ಆ ಸೆಪ್ಟೆಂಬರಿಗೆ ಅವನು ನಿವೃತ್ತನಾಗಬೇಕಿತ್ತು.

ಆಗಲೇ, ತೊಂಬತ್ತೊಂಬತ್ತರ ಜುಲೈನಲ್ಲಿ, ಗುಲಬರ್ಗಾದಿಂದ ಒಂದು ಮೆಮೊ ಬಂತು.

ಜೇವರ್ಗಿ ರಸ್ತೆಯ ಬೂತಿನ ಎರಡನೇ ಲೈನಿನ ಮೇಲೆ ಎರಡು ತಿಂಗಳಲ್ಲಿ ಹನ್ನೊಂದು ದೂರುಗಳು ಬಂದಿವೆ. ಲೈನ್‌ಮನ್ ನಿರ್ಲಕ್ಷ್ಯ ಕಾಣುತ್ತದೆ. ಏಳು ದಿನದೊಳಗೆ ವಿವರಣೆ ಕೊಡತಕ್ಕದ್ದು, ಇಲ್ಲವಾದರೆ ಸರ್ವಿಸ್ ಪುಸ್ತಕದಲ್ಲಿ ನಮೂದಿಸಲಾಗುವುದು.

ಮೆಮೊವನ್ನು ಮೂರು ಸಲ ಓದಿಸಿಕೊಂಡು ಅವನು ಮನೆಗೆ ಬಂದು ಒಲೆಯ ಹತ್ತಿರ ಕೂತ. ಹೆಂಡತಿ ರೇವಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನೋಡಿದಳು.

"ಏನಾಗ್ಯಾದ್ರಿ? ಮಾರಿ ಸಪ್ಪಗ ಮಾಡೀರಲ್ಲ."

"ಹನ್ನೊಂದ ಸಲ ಆ ಲೈನ್ ನಡದೀನಿ. ಹನ್ನೊಂದೂ ಸಲ ಚಲೋ ಅದ ಅಂತ ಕಿವಿ ಹೇಳ್ತು. ನನ್ನ ಕಿವೀನ ಮುದುಕ ಆಗ್ಯಾವೇನೋ, ರೇವಿ."

"ಹಂಗಿದ್ರ ನಿಮ್ಮ ಕಿವಿ ಈಗ ಕೆಟ್ಟಿಲ್ಲ ಬಿಡ್ರಿ. ನಾ ಕರದ್ರ ಇಪ್ಪತ್ತ ವರ್ಷದಿಂದ ಕೇಳೂದಿಲ್ಲ ನಿಮಗ," ಅಂದಳು ರೇವಮ್ಮ.

ಅವನು ನಗಲಿಲ್ಲ. ನಿವೃತ್ತಿಯ ಹೊತ್ತಿಗೆ ಸರ್ವಿಸ್ ಪುಸ್ತಕದಲ್ಲಿ ಒಂದು ಕಪ್ಪು ಸಾಲು ಬರುವುದಕ್ಕಿಂತ, ತಂತಿಯ ಸದ್ದು ತನಗೆ ತಿಳಿಯದೆ ತನ್ನಿಂದ ದೂರ ಸರಿದುಹೋಗಿದೆ ಎಂಬ ಭಯವೇ ದೊಡ್ಡದಾಗಿತ್ತು.

*

ಆ ಬೂತು ಹಮೀದಾಬೇಗಂಳದು. ಗಂಡ ತೀರಿಕೊಂಡ ಮೇಲೆ ಎಸ್‌ಟಿಡಿ ಬೂತು ನಡೆಸುತ್ತಿದ್ದ ಆಕೆ ಗುಲಬರ್ಗಾಕ್ಕೆ ಮೂರು ತಿಂಗಳು ಬಸ್ಸಿನಲ್ಲಿ ಓಡಾಡಿ ಕಂಪ್ಯೂಟರ್ ಕಲಿತು, ಎರಡನೆಯ ಲೈನು ತೆಗೆದುಕೊಂಡು, ಒಳಗಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇಟ್ಟಿದ್ದಳು. ಮಾತಿನ ಫೋನಿಗೆ ಒಂದು ಲೈನು, ಇಂಟರ್ನೆಟ್ಟಿಗೇ ಇನ್ನೊಂದು. ಪುಣೆಯಲ್ಲೋ ದುಬೈಯಲ್ಲೋ ಇರುವವರಿಗೆ ಪತ್ರ ಕಳಿಸಲು ಜನ ಬರುತ್ತಿದ್ದರು. ದಿನಾ ತಪ್ಪದೆ ಬರುತ್ತಿದ್ದವನು ಮಾತ್ರ ತೊಗರಿ ವ್ಯಾಪಾರಿ ದೇವಿಂದ್ರಪ್ಪ. ಸೊಲ್ಲಾಪುರದ 'ದಖನ್ ಧಾರಣೆ' ಎಂಬ ಕಂಪನಿಯ ಪುಟದಲ್ಲಿ ಊರೂರಿನ ತೊಗರಿ ದರ ಬರುತ್ತಿತ್ತು. ಹತ್ತು ಹನ್ನೆರಡರ ನಡುವೆ ಬಂದು ಅದನ್ನು ನೋಡಿದ ಮೇಲೆಯೇ ಅವನು ಪೇಟೆಗೆ ಹೋಗುತ್ತಿದ್ದ. ಪುಟ ತೆರೆಯದ ದಿನ ನೇರವಾಗಿ ಎಕ್ಸ್‌ಚೇಂಜಿಗೆ ಹೋಗಿ ದೂರು ಬರೆಸುತ್ತಿದ್ದ. ಅಲ್ಲಿನ ಗುಮಾಸ್ತ ದೂರಿನ ಪುಸ್ತಕದಲ್ಲಿ ಎಲ್ಲಕ್ಕೂ ಒಂದೇ ಮಾತು ಬರೆಯುತ್ತಿದ್ದ: ಲೈನ್ ಖರಾಬ.

ಮೆಮೊ ಬಂದ ಮರುದಿನ ಚಂದ್ರಾಮಪ್ಪ ಮೊದಲ ಸಲ ತನ್ನ ಪದ್ಧತಿ ಮುರಿದ. ಕಂಬದ ಹತ್ತಿರ ಹೋಗದೆ ಬೂತಿಗೆ ಹೋಗಿ ಕೇಳಿದ.

"ಹಮೀದಾಬಾಯಿ, ಲೈನ್ ಕೆಟ್ಟಾಗ ಖರೇನ ಏನ ಆಗ್ತದವ್ವಾ?"

"ಕಾಕಾ, ಎರಡ ತಿಂಗಳ ಆದ ಮ್ಯಾಲ ಕೇಳಾಕತ್ತೀರಿ?" ಆಕೆ ಸ್ಟೂಲು ಎಳೆದುಕೊಟ್ಟಳು. "ನಾ ಲೈನ್ ಕೆಟ್ಟದ ಅಂತ ಯಾವತ್ತೂ ಅಂದಿಲ್ಲ. ಸಾವ್ಕಾರ್ರ ಪುಟ ತೆರೀವಲ್ದು ಅಂದೀನಿ, ಅಷ್ಟ."

ಆಕೆ ಮೇಜಿನಿಂದ ಒಂದು ನೋಟ್‌ಬುಕ್ ತೆಗೆದಳು. ಪುಟ ತೆರೆಯದಿದ್ದಾಗ ಕಂಪ್ಯೂಟರಿನ ತೆರೆಯ ಮೇಲೆ ಬರುವ ಮಾತನ್ನು ಇದ್ದಂತೆಯೇ ಬರೆದುಕೊಳ್ಳಬೇಕೆಂದು ಕಲಿಸಿದವರು ಹೇಳಿದ್ದರಂತೆ. ಹನ್ನೊಂದು ದಿನದ ಹನ್ನೊಂದು ಸಾಲುಗಳು. ತಾರೀಖು, ವೇಳೆ, ಕೆಳಗೆ ದುಂಡಗಿನ ಇಂಗ್ಲಿಷು.

"ಎಲ್ಲಾ ಒಂದ ಅಲ್ಲೇನು?"

"ಅಲ್ಲ ಕಾಕಾ. ಮೂರ ತರ ಅವ. ಅಂಚೆಯವ ಪತ್ರ ಒಯ್ದಾನ ಅಂತ ತಿಳೀರಿ. ಯಂತ್ರಕ್ಕ ಹೆಸರ ಗೊತ್ತಾಗೂದಿಲ್ಲ, ನಂಬರ್ ಬೇಕು. ಅದಕ್ಕ ಮೊದಲ ಗುಲಬರ್ಗಾಕ್ಕ ಹೋಗಿ, ಈ ಹೆಸರಿನ ಯಂತ್ರ ಎಲ್ಲದ ಅಂತ ಕೇಳ್ತದ. ಅದ ತಿಳೀದಿದ್ರ, ಹೆಸರ ಸಿಗಲಿಲ್ಲ ಅಂತ ಬರ್ತದ. ಹೆಸರ ಸಿಕ್ತು, ಮನಿಗೆ ಹೋಗಿ ಕರದ, ಕರದ, ಕಾದ ಕಾದ ಸಾಕಾತು, ಒಳಗಿಂದ ಸದ್ದ ಇಲ್ಲ. ಅದ ವೇಳೆ ಮೀರಿತು ಅನ್ನೂದು. ಮನಿಯಾಗ ಯಾರೂ ಇಲ್ಲೋ, ನಡಬರಕ ದಾರೀನ ಕಡದಾದೋ, ಅದಷ್ಟರಿಂದ ತಿಳಿಯೂದಿಲ್ಲ."

"ಮೂರನೇದು?"

"ಮೂರನೇದು ನಿರಾಕರಣೆ. ಬಾಗಿಲಿಗೆ ಹೋಗಿ ಬಡದ. ಒಳಗಿಂದ, ಇಲ್ಲ, ನಡೀ ಅಂತ ಜವಾಬ ಬಂತು. ಯಂತ್ರ ಎಚ್ಚರದಾಗ ಅದ, ಪುಟ ಕೊಡೋ ಕೆಲಸದವ ಮಾತ್ರ ಬಾಗಿಲದಾಗ ಇಲ್ಲ."

ಚಂದ್ರಾಮಪ್ಪನ ಮನಸ್ಸು ಆ ಮೂರನೆಯದರ ಬೆನ್ನು ಹತ್ತಿತು. ಹೊರಗೆ ಆಷಾಢದ ಬಿಸಿಲು ಮಂಕಾಗಿ, ರಸ್ತೆಯ ಆಚೆಯ ತೊಗರಿ ಸಸಿಗಳು ನಡುಗುತ್ತಿದ್ದವು. ಇಲ್ಲಿಂದ ಹೊರಟ ಒಂದು ಪ್ರಶ್ನೆ ತನ್ನ ಮೂವತ್ತೊಂದು ಕಂಬ ದಾಟಿ, ಎಕ್ಸ್‌ಚೇಂಜು ದಾಟಿ, ಗುಲಬರ್ಗಾ ದಾಟಿ, ತಾನು ಎಂದೂ ಕಾಣದ ಊರುಗಳ ಮೇಲೆ ಹಾಯ್ದು, ಸೊಲ್ಲಾಪುರದ ಯಾವುದೋ ಕೋಣೆಯ ಬಾಗಿಲು ತಟ್ಟುತ್ತದೆ. ಅಲ್ಲಿಂದ ಒಂದು 'ಇಲ್ಲ' ಹೊರಟು, ಅಷ್ಟೂ ದಾರಿ ಹಿಂದಕ್ಕೆ ಬಂದು, ಅದೇ ಮೂವತ್ತೊಂದು ಕಂಬಗಳ ಮೇಲೆ ನಡೆದು, ಈ ಗಾಜಿನ ಮೇಲೆ ಕೂರುತ್ತದೆ. ಅದು ಹಾದುಹೋಗುವಾಗ ತಂತಿಯ ಮೇಲಿನ ಹಕ್ಕಿಗೂ ತಿಳಿಯುವುದಿಲ್ಲ.

"ಅಂದ್ರ ಹಮೀದಾಬಾಯಿ," ಅವನು ಮೆಲ್ಲಗೆ ಅಂದ, "ಕಡದ ತಂತಿ ಇಲ್ಲ ಅಂತ ಹೇಳಾಕ ಬರೂದಿಲ್ಲ."

"ಬರೂದಿಲ್ಲ ಕಾಕಾ. ಬೈಗಳಾ ತರಾಕೂ ಒಂದ ಸುದ್ದ ದಾರಿ ಬೇಕಲ್ಲ."

ನೋಟ್‌ಬುಕ್ಕಿನಲ್ಲಿ ನಿರಾಕರಣೆ ಆರು. ವೇಳೆ ಮೀರಿದ್ದು ಎರಡು. ಆ ಎರಡೂ ದಿನ ಅದೇ ಗಳಿಗೆಯಲ್ಲಿ ದುಬೈಯಿಂದ ಯಾರದೋ ಹೊಸ ಪತ್ರ ಬಂದು ಇಳಿದಿತ್ತು ಎಂದು ಆಕೆ ಪಕ್ಕದಲ್ಲಿ ಬರೆದಿದ್ದಳು. ಅಂದರೆ ಊರಿನ ಲೈನು ಜೀವಂತವಾಗಿತ್ತು, ದೋಷ ಸೊಲ್ಲಾಪುರದಲ್ಲಿ ಅಥವಾ ಅದರ ದಾರಿಯಲ್ಲಿ. ಉಳಿದ ಮೂರು, ಹೆಸರು ಸಿಗದ ದಿನಗಳು. ಅವುಗಳ ಪಕ್ಕದಲ್ಲಿ, 'ಸುದ್ದಿಪತ್ರಿಕೆಯ ಪುಟ ತೆರೆಯಿತು' ಎಂದು ಸಣ್ಣ ಗುರುತು.

"ಒಂದ ಹೆಸರ ಸಿಗದ ಇನ್ನೊಂದ ತೆರೀತು ಅಂದ್ರ ಲೈನಿನ ತಪ್ಪಲ್ಲ," ಅಂದಳು ಹಮೀದಾ. "ಆ ಕಂಪನಿ ಹೆಸರೊಳಗ ಏನೋ ಗದ್ಲ. ಹನ್ನೊಂದೂ ನಿಮ್ಮವಲ್ಲ."

ಆ ರಾತ್ರಿ ಚಂದ್ರಾಮಪ್ಪನಿಗೆ ಒಳ್ಳೆಯ ನಿದ್ದೆ ಬಂತು. ಕನಸಿನಲ್ಲಿ ಅವನು ಜೇವರ್ಗಿಯ ದಾರಿಯಲ್ಲಿ ನಡೆಯುತ್ತಿದ್ದ. ಕಂಬಗಳಿಗೆ ನಂಬರಿನ ಬದಲು ಹೆಸರುಗಳಿದ್ದವು, ಎಲ್ಲವೂ ಅವನು ಓದಬಲ್ಲ ಹೆಸರುಗಳೇ.

*

ಏಳನೆಯ ದಿನ ಗುಲಬರ್ಗಾದ ಟೆಲಿಫೋನ್ ಸಾಹೇಬರು ಶಾಂತಲಿಂಗಪ್ಪ ತಾವೇ ಜೀಪಿನಲ್ಲಿ ಬಂದರು. ಬೂತಿನಲ್ಲಿ ಹಮೀದಾ, ಚಂದ್ರಾಮಪ್ಪ, ಜೊತೆಗೆ ದೇವಿಂದ್ರಪ್ಪ. ಗಂಟೆ ಹನ್ನೊಂದು. ಹೊರಗೆ ಗಾಳಿ ಜೋರಾಗಿ, ಬೂತಿನ ತಗಡಿನ ಬೋರ್ಡು ಆಗಾಗ ಕಟಕಟಿಸುತ್ತಿತ್ತು.

"ನನ್ನ ಮ್ಯಾಲ ಸಿಟ್ಟಾಗಬ್ಯಾಡೋ ಚಂದ್ರಾಮ," ಅಂದ ದೇವಿಂದ್ರಪ್ಪ. "ನಿನ್ನ ಹೆಸರ ನಾ ಹಾಕಿಲ್ಲ. ಪುಟ ಬರವಲ್ದು ಅಂದೆ, ಅವರ ಲೈನ್ ಅಂತ ಬರಕೊಂಡ್ರು."

"ಸಿಟ್ಟ ಎಲ್ಲೀದ್ರಿ ಸಾವ್ಕಾರ್ರ. ನಿಮ್ಮಿಂದ ಹನ್ನೊಂದ ಮುಂಜಾನಿ ಛಲೋ ಗಾಳಿ ಕುಡದೀನಿ."

ಸಾಹೇಬರು ನೋಟ್‌ಬುಕ್ ನೋಡಿದರು. ಆರು ನಿರಾಕರಣೆಗಳ ಮೇಲೆ ಬೆರಳಿಟ್ಟು ತಲೆಯಾಡಿಸಿದರು. ಎರಡು ವೇಳೆ ಮೀರಿದ್ದಕ್ಕೂ ಒಪ್ಪಿದರು. "ಈಗ ಹಚ್ಚಿ ತೋರಸ್ರಿ ಬಾಯಿ. ಕಣ್ಣೀಲೆ ನೋಡಿ ಬರಕೊಂಡ ಹೋಗ್ತೇನಿ."

ಲೈನು ಬೆಳಗಿನಿಂದ ಇಂಟರ್ನೆಟ್ಟಿಗೆ ಹಚ್ಚಿಯೇ ಇತ್ತು. ಹಮೀದಾ ದಖನ್ ಧಾರಣೆಯ ಹೆಸರು ಒತ್ತಿದಳು. ಎಲ್ಲರೂ ತೆರೆಯ ಕಡೆಗೆ ಬಗ್ಗಿದರು. ಸ್ವಲ್ಪ ಹೊತ್ತಿಗೆ ಬಂದದ್ದು ನಿರಾಕರಣೆಯಲ್ಲ. ಹೆಸರು ಸಿಗಲಿಲ್ಲ ಎಂಬ ಮಾತು.

"ಹೆಸರಿನ ಗದ್ಲ," ಅಂದಳು ಹಮೀದಾ, ಮೊದಲೇ ಗೊತ್ತಿದ್ದವಳಂತೆ. "ಈಗ ಸುದ್ದಿಪತ್ರಿಕೆ ನೋಡ್ರಿ." ಆಕೆ ಒತ್ತುತ್ತಲೇ ಪತ್ರಿಕೆಯ ಪುಟ ಚಿತ್ರ ಸಮೇತ ತೆರೆಯಿತು. "ಬಂತಲ್ರಿ. ಲೈನ್ ಛಲೋ ಅದ."

"ಹಂಗಿದ್ರ ಮುಗೀತು," ಅಂದರು ಸಾಹೇಬರು, ಪೆನ್ನಿನ ಮುಚ್ಚಳ ತೆಗೆಯುತ್ತ. "ಹನ್ನೊಂದೂ ಲೈನಿನವಲ್ಲ. ಚಂದ್ರಾಮಪ್ಪ, ವಿವರಣೆ ಬರಸು, ಸೈ ಮಾಡು. ನಿನ್ನ ಪುಸ್ತಕ ಮುಟ್ಟೂದಿಲ್ಲ."

ಚಂದ್ರಾಮಪ್ಪ ತೆರೆಯನ್ನು ನೋಡುತ್ತಿರಲಿಲ್ಲ. ಓದಲು ಬಾರದ ಗಾಜಿನ ಕಡೆಗೆ ಅವನ ಕಣ್ಣು ಮೊದಲಿಂದಲೂ ಹೋಗುತ್ತಿರಲಿಲ್ಲ. ಅವನು ನೋಡುತ್ತಿದ್ದದ್ದು ಪಕ್ಕದ ಮೋಡೆಮ್ ಪೆಟ್ಟಿಗೆಯ ಸಣ್ಣ ಕೆಂಪು ದೀಪಗಳನ್ನು. ಒಂದು ವಾರದಿಂದ ಬೂತಿನಲ್ಲಿ ಕೂತು ಅವನು ಆ ದೀಪಗಳ ನಡೆ ಕಲಿತಿದ್ದ. ಇಲ್ಲಿಂದ ಹೋಗುವುದಕ್ಕೊಂದು ದೀಪ, ಅಲ್ಲಿಂದ ಬರುವುದಕ್ಕೊಂದು. ಪುಟ ತುಂಬುವಾಗ ಬರುವ ದೀಪ ಮಿಂಚುಹುಳದ ಹಾಗೆ ಒಂದೇ ಸಮ ಮಿಣುಕುತ್ತದೆ. ಈಗ ಪತ್ರಿಕೆಯ ಇಡೀ ಪುಟ, ಚಿತ್ರಗಳ ಸಮೇತ, ಬಂದು ಕೂತಿತ್ತು. ಬರುವ ದೀಪ ಒಮ್ಮೆಯೂ ಮಿಣುಕಿರಲಿಲ್ಲ.

ಹೇಳದೆ ಇರಬಹುದಿತ್ತು. ಪೆನ್ನು ಆಗಲೇ ಕಾಗದದ ಮೇಲಿತ್ತು. ಒಂದು ಕ್ಷಣ ಅವನಿಗೆ ತನ್ನ ಪುಸ್ತಕದ ಬಿಳಿ ಹಾಳೆ ಕಂಡಿತು, ನಸುಕಿನ ಹೊಲದ ಹಾಗೆ, ಒಂದೂ ಹೆಜ್ಜೆಯಿಲ್ಲದ್ದು.

"ಸಾಹೇಬ್ರ, ತಡೀರಿ," ಅಂದ. "ಹಮೀದಾಬಾಯಿ, ಈ ಪುಟ ದಾರ್ಯಾಗ ನಡಕೊಂಡ ಬಂದಿಲ್ಲ. ಬರೂ ದೀಪ ಕತ್ತಲ್ಯಾಗ ಇತ್ತು."

ಹಮೀದಾ ಅವನನ್ನು ನೋಡಿದಳು, ದೀಪವನ್ನು ನೋಡಿದಳು. ಮತ್ತೊಮ್ಮೆ ಪತ್ರಿಕೆಯನ್ನು ಒತ್ತಿದಳು. ಪುಟ ಕಣ್ಣೆವೆ ಮುಚ್ಚುವುದರೊಳಗೆ ಬಂತು. ದೀಪ ಕದಲಲಿಲ್ಲ. ಆಕೆ ಹಣೆಗೆ ಕೈ ಹಚ್ಚಿಕೊಂಡಳು.

"ನಾ ಎಂಥಾಕಿ ಅದೇನಿ. ದಿನಾ ಮುಂಜಾನಿ ಒಮ್ಮೆ ಇದನ್ನ ತೆರದಿರ್ತೇನಿ ಕಾಕಾ. ಕಂಪ್ಯೂಟರ್ ಅದರ ನಕಲ ತನ್ನ ಹತ್ರ ಇಟಗೊಂಡಿರ್ತದ. ಅದನ್ನ ತಗದ ತೋರಿಸ್ತು. ನಿನ್ನಿ ರೊಟ್ಟಿ ಬಿಸಿ ಮಾಡಿ ಬಡಸಿದ್ದಂಗ."

"ಹಂಗಿದ್ರ ಖರೇ ಪರೀಕ್ಷಾ ಯಾವುದು?" ಸಾಹೇಬರು ಕೇಳಿದರು.

ಆಕೆ ಇದುವರೆಗೆ ತೆರೆಯದಿದ್ದ ಇನ್ನೊಂದು ಹೆಸರು ಒತ್ತಿದಳು. ಹೆಸರು ಸಿಗಲಿಲ್ಲ. ಮತ್ತೊಂದು. ಅದೂ ಸಿಗಲಿಲ್ಲ. ಗುಲಬರ್ಗಾದ ಹೆಸರು ಹುಡುಕುವ ಯಂತ್ರವೊಂದೇ ಕೆಟ್ಟಿದೆಯೋ ಏನೋ ಎಂದು, ನೋಟ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೆ ಬರೆದಿಟ್ಟಿದ್ದ ಸೊಲ್ಲಾಪುರದ ಯಂತ್ರದ ನಂಬರನ್ನೇ, ಹೆಸರಿಲ್ಲದೆ, ಒತ್ತಿದಳು. ಕಾದರು. ಬೋರ್ಡು ಕಟಕಟಿಸಿತು. ದೇವಿಂದ್ರಪ್ಪ ಎರಡು ಸಲ ಕೆಮ್ಮಿದ. ಕೊನೆಗೆ ವೇಳೆ ಮೀರಿತು ಎಂದು ಬಂತು.

"ಹೆಸರೂ ಹೋಗವಲ್ದು, ನಂಬರೂ ಹೋಗವಲ್ದು," ಅಂದಳು. "ಇಲ್ಲಿಂದ ಏನೂ ದಾಟವಲ್ದು. ದೋಷ ಹತ್ರನ ಅದ."

"ಫೋನ್ ಹಚ್ರಿ," ಅಂದ ಚಂದ್ರಾಮಪ್ಪ.

ಆಕೆ ಸಂಪರ್ಕ ಕಡಿದು, ಮೋಡೆಮ್ಮಿನ ತಂತಿ ಬಿಚ್ಚಿ, ಅದೇ ಲೈನಿಗೆ ಮಾತಿನ ಫೋನು ಸಿಕ್ಕಿಸಿದಳು. ಚಂದ್ರಾಮಪ್ಪ ರಿಸೀವರ್ ಎತ್ತಿ ಕಣ್ಣು ಮುಚ್ಚಿದ. ಡಯಲ್ ಟೋನು ಇತ್ತು, ಸಮವಾಗಿ, ಸಲೀಸಾಗಿ. ಹೊರಗೆ ಗಾಳಿ ಬೀಸಿತು. ಆ ಕೂಡಲೇ ಟೋನಿನೊಳಗೆ ಒಣ ಎಲೆ ಮುರಿದ ಹಾಗೆ ಚರಚರ ಎದ್ದಿತು. ಗಾಳಿ ನಿಂತಿತು, ಚರಚರವೂ ನಿಂತಿತು. ಮತ್ತೊಂದು ಗಾಳಿ ಬರುವ ತನಕ ಅವನು ರಿಸೀವರ್ ಇಳಿಸಲಿಲ್ಲ. ಬೇರೆಯವರಿಗೆ ಅವನು ನಿದ್ದೆಹೋದ ಹಾಗೆ ಕಂಡಿರಬೇಕು. ಅವನಿಗೆ ಮಾತ್ರ ಒಳಗೆಲ್ಲೋ ಒಂದು ಬಾಗಿಲು ತೆರೆದು, ತಣ್ಣನೆಯ ಗಾಳಿ ಒಳಗೆ ಬಂದ ಹಾಗಿತ್ತು. ಕೇಳುತ್ತಿದೆ. ಅಷ್ಟು ಸಣ್ಣ ಸದ್ದು, ಪೂರಾ ಕೇಳುತ್ತಿದೆ.

ರಿಸೀವರನ್ನು ಸಾಹೇಬರ ಕೈಗೆ ಕೊಟ್ಟ.

"ಎಲ್ಲೋ ತಂತಿ ಜೋಡ ಸಡಲ ಅದ ಸಾಹೇಬ್ರ. ಗಾಳಿ ಬೀಸಿದಾಗಷ್ಟ ಬಿಡ್ತದ. ನಾ ದಿನಾ ಮುಂಜಾನಿ ಐದೂವರಿಗೆ ನಡದೀನಿ. ಆವಾಗ ಈ ಗಾಳಿ ಇರೂದಿಲ್ಲ. ಹೊತ್ತ ತಪ್ಪಿ ಕೇಳೀನಿ." ನೋಟ್‌ಬುಕ್ಕಿನ ಮೂರು ಸಾಲುಗಳ ಮೇಲೆ ಬೆರಳಿಟ್ಟ. "ಇವ ಮೂರೂ ಹನ್ನೊಂದರ ಮ್ಯಾಲಿನ ವೇಳೆ. ಹೆಸರ ಸಿಗದ ದಿನ ಮೂರೂ ನನ್ನವ."

"ಸುಮ್ಮನಿದ್ದಿದ್ರ ಹನ್ನೊಂದೂ ಹೋಗತಿದ್ದವಲ್ಲೋ," ಅಂದ ದೇವಿಂದ್ರಪ್ಪ, ನಿಜವಾಗಿಯೂ ಬೇಸರವಾಗಿ.

"ಹೋಗತಿದ್ದವ್ರಿ. ಚರಚರ ಎಲ್ಲಿಗೆ ಹೋಗತಿತ್ತು?"

*

ಗಾಳಿಯಲ್ಲೇ ಲೈನು ನಡೆಯುವುದು ಅವನಿಗೆ ಹೊಸದು. ಬೆಳಗಿನ ಗುಂಯ್ ಈಗಿರಲಿಲ್ಲ, ತಂತಿಗಳು ಒಂದಕ್ಕೊಂದು ಹೇಳಿಕೊಳ್ಳದೆ ತಮ್ಮಷ್ಟಕ್ಕೆ ಒದರುತ್ತಿದ್ದವು. ಹತ್ತೊಂಬತ್ತನೆಯ ಕಂಬದಲ್ಲಿ ಬೇವಿನ ಟೊಂಗೆಯೊಂದು ತಂತಿಯನ್ನು ಸವರಿ ಸವರಿ ಹಿಂದೆ ಸರಿಯುತ್ತಿತ್ತು. ಅವನು ಹತ್ತಿ ನೋಡಿದ. ತಂತಿ ತಿರುಚಿದ ಜಾಗ ಹಸಿರುಗಟ್ಟಿ, ಕೈಯಿಟ್ಟರೆ ಕದಲುತ್ತಿತ್ತು. ಅಲ್ಲಿಂದ ಭೀಮೆಯ ದಂಡೆಯ ಮಬ್ಬು ಕಾಣುತ್ತಿತ್ತು, ಕಪ್ಪು ಹೊಲಗಳ ಮೇಲೆ ಮೋಡದ ನೆರಳು ಯಾರೋ ಕಂಬಳಿ ಎಳೆದ ಹಾಗೆ ನಿಧಾನ ಸರಿಯುತ್ತಿತ್ತು. ಅವನು ಆತುರಪಡದೆ ಹಳೆಯ ಜೋಡನ್ನು ಕತ್ತರಿಸಿ, ತಂತಿಯನ್ನು ಹೊಳೆಯುವ ತನಕ ಕೆರೆದು, ಹೊಸದಾಗಿ ತಿರುಚಿ ಬಿಗಿದ. ಟೊಂಗೆ ಕಡಿದ. ಕಾಲಿನಿಂದ ನೆಲೆ ಹುಡುಕಿಕೊಳ್ಳುತ್ತ ಮೆಲ್ಲಗೆ ಇಳಿದ. ಅರವತ್ತರ ಹತ್ತಿರದ ಕಾಲು.

ಬೂತಿಗೆ ಬಂದಾಗ ಹಮೀದಾ ಮತ್ತೆ ಗುಲಬರ್ಗಾಕ್ಕೆ ಹಚ್ಚುತ್ತಿದ್ದಳು. ಮೋಡೆಮ್ ತನ್ನ ವಿಚಿತ್ರ ಸ್ವರದಲ್ಲಿ ಕೂಗಿ, ಗೊರಗೊರ ಅಂದು, ಶಾಂತವಾಯಿತು. ಹೊಸ ಪುಟವೊಂದು ದೀಪ ಮಿಣುಕಿಸುತ್ತ ಬಂತು. ಆಮೇಲೆ ಆಕೆ ದಖನ್ ಧಾರಣೆಯನ್ನು ಒತ್ತಿದಳು. ದೀಪ ಒಮ್ಮೆ ಚಕ್ಕನೆ ಮಿನುಗಿತು. ಮಾತು ತೆರೆಯ ಮೇಲೆ ಬಂತು. ಚಂದ್ರಾಮಪ್ಪ ಅದರ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದತೊಡಗಿದ, ಕಂಬದ ತಗಡು ಓದಿದ ಹಾಗೆ.

"ನಿರಾಕರಣೆ," ಅಂದ.

"ಅಯ್ಯ, ಇವತ್ತೂ ದರ ಇಲ್ಲೇನು?" ದೇವಿಂದ್ರಪ್ಪ ಕೈ ಚೆಲ್ಲಿದ.

"ಸಾವ್ಕಾರ್ರ, ಈಗ ಎಕ್ಸ್‌ಚೇಂಜಿಗೆ ಹೋಗಬ್ಯಾಡ್ರಿ. ನಿಮ್ಮ ಪ್ರಶ್ನಾ ಸೊಲ್ಲಾಪುರದ ಬಾಗಿಲ ಮುಟ್ಟಿ ಬಂದಾದ. ಅಲ್ಲಿಗೇ ಫೋನ್ ಹಚ್ರಿ. ಯಂತ್ರ ಎದ್ದದ, ಪುಟ ಕೊಡಾವ ಮಲಗ್ಯಾನ ಅಂತ ಹೇಳ್ರಿ."

ದೇವಿಂದ್ರಪ್ಪ ಮಾತಿನ ಫೋನಿನ ಕಡೆ ಹೋಗಿ ಸೊಲ್ಲಾಪುರ ಹಿಡಿದ. ಮರಾಠಿಯಲ್ಲಿ ಜಗಳವಾಡುತ್ತ, ನಡುನಡುವೆ ತಿರುಗಿ, "ಏನಂದಿ ಚಂದ್ರಾಮ, ಎದ್ದದ, ಆದ್ರ ಮಲಗ್ಯಾನ?" ಎಂದು ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದ. ಇಪ್ಪತ್ತು ನಿಮಿಷಕ್ಕೆ ದರದ ಪುಟ ತೆರೆಯಿತು.

ಸಾಹೇಬರು ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆದರು. ಹನ್ನೊಂದು ದೂರುಗಳಲ್ಲಿ ಎಂಟು ಇಲಾಖೆಯ ಲೈನಿಗೆ ಸಂಬಂಧಿಸಿಲ್ಲ. ಮೂರು, ಹತ್ತೊಂಬತ್ತನೆಯ ಕಂಬದ ಸಡಿಲ ಜೋಡಣೆಯಿಂದ. ದೋಷವನ್ನು ಲೈನ್‌ಮನ್ ತಾನೇ ಹೇಳಿ, ಪತ್ತೆ ಮಾಡಿ, ಅಂದೇ ದುರಸ್ತಿ ಮಾಡಿದ್ದಾನೆ. ನಿರ್ಲಕ್ಷ್ಯವೆಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾಗಿದೆ.

"ಆದ್ರ ಮೂರ ದೂರು ಅಂತ ಒಂದ ಸಾಲ ಪುಸ್ತಕದಾಗ ಬರ್ತದ ಚಂದ್ರಾಮಪ್ಪ. ಅದನ್ನ ನಾ ಬಿಡಾಂಗಿಲ್ಲ. ತಿಳೀತಲ್ಲ?"

"ಬರಲಿ ಬಿಡ್ರಿ. ಖರೇ ಅದ."

ಮಧ್ಯಾಹ್ನ ಅವನು ಮನೆಗೆ ಹೋದಾಗ ರೇವಮ್ಮ ಬಾಗಿಲಲ್ಲೇ ನಿಂತಿದ್ದಳು. ಅವನು ಒಂದು ಸಾಲು ಬಿತ್ತು ಎಂದ. ಆಕೆಯ ಮುಖ ಸಣ್ಣದಾಯಿತು. ಎಷ್ಟು ದೊಡ್ಡದು ಎಂದು ಕೇಳಿದಳು. ಅವನು ಕಟ್ಟೆಯ ಮೇಲೆ ಕೂತು, ಚಪ್ಪಲಿ ಬಿಟ್ಟು, ಗೋಡೆಗೆ ತಲೆ ಒರಗಿಸಿದ. ಒಳಗೆ ಒಲೆಯ ಮೇಲೆ ನೀರು ಕುದಿಯುವ ಸದ್ದು, ಹಿತ್ತಲಲ್ಲಿ ಕೋಳಿ ಮಣ್ಣು ಕೆದರುವ ಸದ್ದು, ಬಹಳ ದೂರದಲ್ಲಿ ಜೇವರ್ಗಿಯ ಬಸ್ಸು ತಿರುವಿನಲ್ಲಿ ಗೇರು ಬದಲಿಸಿದ ಸದ್ದು. ಒಂದೊಂದನ್ನೂ ಅವನು ಗುರುತು ಹಿಡಿಯುತ್ತಿದ್ದ.

"ಕೇಳಸ್ತೇನ್ರಿ? ಉಣ್ಣಾಕ ಬರ್ರಿ ಅಂದೆ," ಒಳಗಿನಿಂದ ರೇವಮ್ಮ ಕರೆದಳು.

"ಕೇಳಸ್ತು," ಅಂದ, ಮತ್ತು ಎದ್ದ.